ಹನ್ನೆರಡು ಕಂತೋ, ಒಂದು ಕಾರ್ಡೋ: ಆಗೀಗ ಆಡುವವನ ಲೆಕ್ಕ

ನನ್ನ ಆಟ ಎಂದರೆ ಕೆಲಸ ಹಗುರಾದ ವಾರಗಳಲ್ಲಿ ರಾತ್ರಿ ಒಂದೆರಡು ಗಂಟೆ, ಅಷ್ಟೇ. ಅದೂ ಒಬ್ಬರೇ ಕೂತು ಆಡುವ ಕಥೆಯ ಆಟಗಳು. ಕಂಪ್ಯೂಟರಿನಲ್ಲಿದ್ದದ್ದು 4 ಜಿಬಿ ಮೆಮೊರಿಯ ಜಿಟಿಎಕ್ಸ್ 1650 ಕಾರ್ಡು ಮತ್ತು ನಾಲ್ಕು ಕೋರ್‌ಗಳ ಹಳೆಯ ಪ್ರೊಸೆಸರ್. ಹೊಸ ಆಟಗಳಿಗೆ ಅದು ಸಾಲದಾದಾಗ ಎರಡು ದಾರಿ ಕಂಡವು: ದೂರದ ಸರ್ವರಿನಲ್ಲಿ ಓಡುವ ಆಟವನ್ನು ಇಂಟರ್ನೆಟ್ಟಿನ ಮೂಲಕ ಆಡಿಸುವ ಕ್ಲೌಡ್ ಗೇಮಿಂಗ್‌ಗೆ ಚಂದಾ ಕಟ್ಟುವುದು, ಇಲ್ಲವೇ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದು. ನಾನು ಒಂದು ವರ್ಷ ಚಂದಾ ಕಟ್ಟಿ ಆಡಿದೆ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದೆ.

ಬೆಲೆಗಳು ದಿನಕ್ಕೊಂದಾಗುವುದರಿಂದ ಹಣದ ಬದಲು ತಿಂಗಳ ಚಂದಾವನ್ನೇ ಅಳತೆಗೋಲು ಮಾಡಿಕೊಂಡೆ. ಒಂದು ತಿಂಗಳ ಚಂದಾ ಎಂದರೆ ಒಂದು ಕಂತು. ನಾನು ಆರಿಸಿಕೊಂಡದ್ದು ಮಧ್ಯಮ ದರ್ಜೆಯ ಚಂದಾ. ಅದರ ವಾರ್ಷಿಕ ಯೋಜನೆಗೆ 10 ಕಂತು. ಕಣ್ಣಿಟ್ಟಿದ್ದ ಆರ್‌ಟಿಎಕ್ಸ್ 4060 ಕಾರ್ಡಿಗೆ ಸುಮಾರು 30 ಕಂತು. ನಿಮ್ಮಲ್ಲಿ ಈ ಅನುಪಾತ ಬೇರೆ ಇದ್ದೀತು, ಲೆಕ್ಕದ ದಾರಿ ಮಾತ್ರ ಇದೇ.

ಮೊದಲು ಬೇಕಾದದ್ದು ವರ್ಷದಲ್ಲಿ ನಿಜವಾಗಿ ಆಡುವ ತಿಂಗಳುಗಳೆಷ್ಟು ಎಂಬುದು. ಒಟ್ಟು ಗಂಟೆಗಳನ್ನು ನಾನು ಆಟ ಕೊಳ್ಳುವ ಆನ್‌ಲೈನ್ ಅಂಗಡಿ ಸ್ಟೀಮ್ ತೋರಿಸುತ್ತದೆ, ಆದರೆ ಚಂದಾ ಗಂಟೆಗೆ ಕಟ್ಟುವಂಥದ್ದಲ್ಲ. ಆಟದ ಅಚೀವ್‌ಮೆಂಟುಗಳ ಪಕ್ಕದಲ್ಲಿ ಅವು ಸಿಕ್ಕ ದಿನಾಂಕ ಇರುತ್ತದೆ. ಅವನ್ನು ತಿಂಗಳವಾರು ಗುಂಪು ಮಾಡಿದರೆ ಕಳೆದ ವರ್ಷದ ಚಿತ್ರ ಕಣ್ಣಮುಂದೆ ಬರುತ್ತದೆ. ನನ್ನದು 7 ತಿಂಗಳು. ಉಳಿದ 5 ತಿಂಗಳು ಒಂದು ಆಟವನ್ನೂ ತೆರೆದಿರಲಿಲ್ಲ. ಹಾಗಾಗಿ ವಾರ್ಷಿಕ ಯೋಜನೆಯ ರಿಯಾಯಿತಿಗೆ ಮನಸೋಲದೆ ತಿಂಗಳ ಲೆಕ್ಕದಲ್ಲೇ ಕಟ್ಟಿದೆ. ಹಣ ಕಟ್ಟಿದ ಮರುಗಳಿಗೆಯೇ ಆಟೋ ರಿನ್ಯೂವಲ್ ನಿಲ್ಲಿಸಿಬಿಡುತ್ತಿದ್ದೆ. ಹೀಗೆ ಮಾಡಿದರೂ ಆ ತಿಂಗಳು ಮುಗಿಯುವವರೆಗೆ ಆಡಲು ಅಡ್ಡಿಯಿರಲಿಲ್ಲ. ವರ್ಷಕ್ಕೆ 10ರ ಬದಲು 7 ಕಂತಿಗೆ ಮುಗಿಯಿತು.

ಹೀಗೆ ಬೇಕಾದಾಗ ಕಟ್ಟಿ ಬೇಡವಾದಾಗ ನಿಲ್ಲಿಸುವ ಉಪಾಯ ಎಲ್ಲ ಸೇವೆಗಳಲ್ಲೂ ಒಂದೇ ಥರ ನಡೆಯುವುದಿಲ್ಲ. ಜಿಫೋರ್ಸ್ ನೌ ಮಾದರಿಯಲ್ಲಿ ಆಟ ನಮ್ಮದೇ ಸ್ಟೀಮ್ ಅಥವಾ ಎಪಿಕ್ ಖಾತೆಯದು, ಬಾಡಿಗೆಗೆ ಸಿಗುವುದು ಯಂತ್ರ ಮಾತ್ರ. ಚಂದಾ ನಿಂತರೂ ಆಟ ನಮ್ಮ ಬಳಿ ಉಳಿಯುತ್ತದೆ, ನಾಳೆ ಕಾರ್ಡ್ ತಂದರೆ ಅದರಲ್ಲೇ ಆಡಬಹುದು. ಗೇಮ್ ಪಾಸ್ ಮಾದರಿಯಲ್ಲಿ ಆಟಗಳೂ ಚಂದಾದೊಳಗೇ ಇರುತ್ತವೆ. ಅಗ್ಗ ನಿಜ, ಆದರೆ ಚಂದಾ ನಿಂತರೆ ಅವೂ ಹೋದವು. ಗೂಗಲ್‌ನ ಸ್ಟೇಡಿಯಾದಲ್ಲಿ ಆಟಗಳನ್ನು ಅಲ್ಲೇ ಕೊಳ್ಳಬೇಕಿತ್ತು. 2023ರ ಜನವರಿಯಲ್ಲಿ ಅದು ಮುಚ್ಚಿತು. ಗೂಗಲ್ ಹಣ ವಾಪಸ್ ಕೊಟ್ಟಿತು, ಆದರೆ ಪ್ರತಿ ಸಲವೂ ಹಾಗೇ ಆಗುತ್ತದೆ ಎಂದು ನಂಬಿ ಕೂರಲು ನನಗೆ ಧೈರ್ಯವಿಲ್ಲ. ಯಾವ ಮಾದರಿಯಾದರೂ ನಮಗೆ ಬೇಕಾದ ಆಟ ಅವರ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಬೇಕು. ಸ್ಟೀಮಿನಲ್ಲಿ ಕೊಂಡದ್ದೆಲ್ಲ ಅಲ್ಲಿ ಓಡುವುದಿಲ್ಲ.

ಇಂಟರ್ನೆಟ್ಟಿನ ಮಾತಿಗೆ ಬರುತ್ತೇನೆ. 1080ಪಿ, ಸೆಕೆಂಡಿಗೆ 60 ಫ್ರೇಮಿಗೆ ಸುಮಾರು 25 ಎಂಬಿಪಿಎಸ್ ವೇಗ ಬೇಕು. ಅಷ್ಟನ್ನೂ ಪೂರ್ತಿ ಬಳಸಿದರೆ ಗಂಟೆಗೆ 11 ಜಿಬಿಗೂ ಮಿಕ್ಕಿ ಡೇಟಾ ಹೋಗುತ್ತದೆ. ತಿಂಗಳಿಗೆ 15 ಗಂಟೆ ಆಡಿದರೆ 170 ಜಿಬಿ ಹತ್ತಿರ. ಮನೆಯ ಸಂಪರ್ಕಕ್ಕೆ ಡೇಟಾ ಮಿತಿ ಇದ್ದು, ಇದಕ್ಕೆಂದೇ ದೊಡ್ಡ ಪ್ಲಾನ್ ತೆಗೆದುಕೊಂಡರೆ ಆ ವ್ಯತ್ಯಾಸವನ್ನೂ ಕಂತಿಗೆ ಸೇರಿಸಬೇಕು. ನನಗೆ ಸೇರಿಸುವ ಅಗತ್ಯ ಬರಲಿಲ್ಲ. ತೊಂದರೆ ಕೊಟ್ಟದ್ದು ವೇಗವಲ್ಲ, ವೈ-ಫೈ. ಓಡುವಾಗ ಚಿತ್ರ ಮಸುಕಾದರೆ ಸಿಗುವ ವೇಗ ಕುಸಿದಿದೆ ಎಂದರ್ಥ. ಚಿತ್ರ ಸ್ಪಷ್ಟವಾಗಿಯೇ ಇದ್ದು ನಡುನಡುವೆ ತಡವರಿಸಿದರೆ ಪ್ಯಾಕೆಟ್‌ಗಳು ಕಳೆದುಹೋಗುತ್ತಿವೆ. ಎರಡೂ ಸರಿಯಿದ್ದು ಮೌಸ್ ಮಾತ್ರ ಭಾರ ಅನಿಸಿದರೆ ಅದು ಲೇಟೆನ್ಸಿ, ಅಂದರೆ ನಮ್ಮ ಆಜ್ಞೆ ಸರ್ವರಿಗೆ ಹೋಗಿ ಚಿತ್ರ ಮರಳಿ ಬರುವಷ್ಟರ ತಡ. ಮೊದಲೆರಡು ನನಗೆ ಲ್ಯಾನ್ ಕೇಬಲ್ ಹಾಕಿದ ಮೇಲೆ ಹೋದವು. ಮೂರನೆಯದು ಬಹುಮಟ್ಟಿಗೆ ಅವರ ಸರ್ವರ್ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿರುತ್ತದೆ, ಕೇಬಲ್ಲಿನಿಂದ ಪೂರ್ತಿ ಹೋಗುವಂಥದ್ದಲ್ಲ. ನನ್ನ ನಿಧಾನದ ಆಟಗಳಿಗೆ ಅದು ಅಡ್ಡಿಯಾಗಲಿಲ್ಲ.

ಇನ್ನು ಕಾರ್ಡ್. 30 ಕಂತು ಎಂದೆನಲ್ಲ, ಅದು ಡಬ್ಬಿಯ ಬೆಲೆ. ನನ್ನ 1650ಗೆ ಬೇಕಾದ 75 ವ್ಯಾಟ್ ಮದರ್‌ಬೋರ್ಡಿನ ಸ್ಲಾಟಿನಿಂದಲೇ ಸಿಗುತ್ತಿತ್ತು. 4060 ಎಳೆಯುವುದು 115 ವ್ಯಾಟ್, ಅದಕ್ಕೆ ಪವರ್ ಸಪ್ಲೈಯಿಂದ ಬೇರೆ ಕೇಬಲ್ ಬೇಕು. ನನ್ನ ಹಳೆಯ ಸಪ್ಲೈಯಲ್ಲಿ ಆ ಕೇಬಲ್ಲೇ ಇಲ್ಲ. ಹೊಸ ಸಪ್ಲೈಗೆ 6 ಕಂತು ಸೇರಿಸಿದೆ, ಹಳೆಯ ಕಾರ್ಡ್ ಮಾರಿದರೆ ಬರುವ 4 ಕಳೆದೆ. ಉಳಿದದ್ದು 32. ನಾಲ್ಕು ವರ್ಷ ಬಳಸಿ ಆಮೇಲೆ ಮಾರಿದರೆ 10 ಕಂತಿನಷ್ಟು ವಾಪಸ್ ಬರಬಹುದು ಎಂದುಕೊಂಡೆ. ಅಲ್ಲಿಗೆ ನಿವ್ವಳ 22. ಅದೇ ನಾಲ್ಕು ವರ್ಷಕ್ಕೆ ಚಂದಾ 28. ಕರೆಂಟಿನ ವ್ಯತ್ಯಾಸವನ್ನೂ ನೋಡಿದೆ. 150 ವ್ಯಾಟ್ ಹೆಚ್ಚು ಎಂದು ಹಿಡಿದರೂ ನೂರು ಗಂಟೆಗೆ 15 ಯೂನಿಟ್, ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಕಾರ್ಡೇ ಗೆಲ್ಲುತ್ತಿತ್ತು. ಆದರೆ ಅಂಗಡಿಗೆ ಹೋಗುವ ಮುಂಚೆ ಪ್ರೊಸೆಸರನ್ನೂ ಪರೀಕ್ಷಿಸಿದೆ. ಆಟದೊಳಗೆ ಜನ ತುಂಬಿದ ಒಂದು ಪೇಟೆಯಲ್ಲಿ ನಿಂತು, ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟದೆ ರೆಸಲ್ಯೂಷನ್ ಒಂದನ್ನೇ 1080ಪಿಯಿಂದ 720ಪಿಗೆ ಇಳಿಸುವುದು. ಉಳಿದ ಸೆಟ್ಟಿಂಗುಗಳನ್ನೂ ಇಳಿಸಿದರೆ ಜನಸಂದಣಿ, ದೂರದ ದೃಶ್ಯ ಎಲ್ಲ ಕಡಿಮೆಯಾಗಿ ಪ್ರೊಸೆಸರಿನ ಹೊರೆಯೂ ಇಳಿಯುತ್ತದೆ, ಆಗ ಹಿಂದೆ ಬಿದ್ದಿರುವುದು ಕಾರ್ಡೋ ಪ್ರೊಸೆಸರೋ ಎಂದು ತಿಳಿಯುವುದಿಲ್ಲ. ರೆಸಲ್ಯೂಷನ್ ಇಳಿಸಿದಾಗ ಫ್ರೇಮುಗಳು ಚೆನ್ನಾಗಿ ಏರಿದರೆ ಕಾರ್ಡೇ ಸಾಲದು ಎಂದರ್ಥ, ಹೊಸ ಕಾರ್ಡಿನಿಂದ ಲಾಭವಿದೆ. ನನಗೆ ಬಯಲಿನಲ್ಲಿ ಹಾಗೇ ಏರಿದವು. ಪೇಟೆಯಲ್ಲಿ ಮಾತ್ರ 40ರ ಆಸುಪಾಸಿನಲ್ಲಿದ್ದದ್ದು ಅಲ್ಲೇ ಉಳಿಯಿತು. ಅಂದರೆ ಪೇಟೆಯಲ್ಲಿ ತಡೆಯುತ್ತಿರುವುದು ಪ್ರೊಸೆಸರ್. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಆ ಜಾಗದಲ್ಲಿ ಅದೇ 40.

ನನ್ನ ಮದರ್‌ಬೋರ್ಡಿಗೆ ಹೊಂದುವ ಇನ್ನೂ ಒಳ್ಳೆಯ ಪ್ರೊಸೆಸರ್ ಇರಲಿಲ್ಲ. ಪ್ರೊಸೆಸರ್ ಬದಲಿಸಿದರೆ ಬೋರ್ಡ್, ಬೋರ್ಡ್ ಬದಲಿಸಿದರೆ ರ್‍ಯಾಮ್. ಮೂರೂ ಸೇರಿ 25 ಕಂತು, ಮುಂದೆ ಮಾರಿದಾಗ 5 ಬಂದರೂ ನಿವ್ವಳ 20. ಕಾರ್ಡಿನ 22ಕ್ಕೆ ಅದು ಸೇರಿದರೆ 42 ಆಯಿತು, ಎದುರಿಗೆ ಚಂದಾದ 28. ಕ್ಲೌಡಿನಲ್ಲಿ ಕಾರ್ಡಷ್ಟೇ ಅಲ್ಲ, ಪ್ರೊಸೆಸರೂ ಅವರದೇ ಎಂಬುದು ನನ್ನಂಥ ಹಳೆಯ ಯಂತ್ರದವರಿಗೆ ದೊಡ್ಡ ಅನುಕೂಲ. ಹೊಸ ಪ್ರೊಸೆಸರ್ ಬೇರೆ ಕೆಲಸಕ್ಕೂ ಆಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ವಿಡಿಯೋ ಎಡಿಟಿಂಗ್ ಮಾಡುವವನಾಗಿದ್ದರೆ ನಾನೂ ಆ ಖರ್ಚಿನ ಅರ್ಧವನ್ನು ಕೆಲಸದ ಲೆಕ್ಕಕ್ಕೆ ಬರೆಯುತ್ತಿದ್ದೆ. ನನ್ನ ಕೆಲಸಕ್ಕೆ ಈಗಿರುವುದೇ ಸಾಕು. ಹಾಗಾಗಿ ಚಂದಾದಲ್ಲೇ ಮುಂದುವರಿದೆ.

ತಮ್ಮನಿಗೂ ಇದೇ ಲೆಕ್ಕ ಹಾಕಿಕೊಟ್ಟೆ, ಅವನ ಉತ್ತರ ತಿರುಗಾ ಮುರುಗಾ ಬಂತು. ಅವನು ಆಡದ ತಿಂಗಳೇ ಇಲ್ಲ, ಹಾಗಾಗಿ ವಾರ್ಷಿಕ ಯೋಜನೆಯಲ್ಲೇ ನಾಲ್ಕು ವರ್ಷಕ್ಕೆ 40 ಕಂತು. ರಜೆ ಬಂದರೆ ಜಿಫೋರ್ಸ್ ನೌನ ತಿಂಗಳಿಗೆ 100 ಗಂಟೆಯ ಮಿತಿಯನ್ನೂ ಮುಟ್ಟುವ ಪೈಕಿ. ಅವನದು ಆರು ಕೋರ್‌ಗಳ ಪ್ರೊಸೆಸರ್, ಅದೇ ಪರೀಕ್ಷೆಯಲ್ಲಿ ಪೇಟೆಯಲ್ಲೂ ಫ್ರೇಮುಗಳು ಏರಿದವು. ಪವರ್ ಸಪ್ಲೈಯಲ್ಲಿ ಬೇಕಾದ ಕೇಬಲ್ ಇತ್ತು. ಕಾರ್ಡಿನ 30ರಲ್ಲಿ ಹಳೆಯದರ 4, ಮುಂದೆ ಬರುವ 10 ಕಳೆದರೆ 16. ಆಡುವುದು ಆನ್‌ಲೈನ್ ಶೂಟರ್‌ಗಳನ್ನು, ಮೌಸ್ ಭಾರವಾದರೆ ಅವನಿಗೆ ಸಹಿಸಲಾಗುವುದಿಲ್ಲ. ಅದೇ ವಾರ ಕಾರ್ಡ್ ತಂದು ಹಾಕಿಕೊಂಡ.