‘SET’ ಒತ್ತುವ ಮೊದಲು ಗೇಜ್ ಹಿಡಿಯಿರಿ

ನಮ್ಮಣ್ಣನ ಜರ್ಮನ್ ಕಾರಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತು. ಕುದುರೆ ಲಾಳದಂಥ ಗುರುತು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರ್ ಗಾಳಿ ಇಳಿದಿದೆ ಎಂಬ ಎಚ್ಚರಿಕೆ ಅದು. ಅವನು ಪರದೆಯಲ್ಲಿ ಹುಡುಕಿ SET ಎಂಬ ಬಟನ್ ಒತ್ತಿದ. ದೀಪ ಆರಿತು. ಹತ್ತು ದಿನದ ಮೇಲೆ ಮತ್ತೆ ಬಂತು, ಮತ್ತೆ ಒತ್ತಿದ. ಮೂರನೇ ಸಲ ನಾನು ಗೇಜ್ ತಂದು ನೋಡಿದೆ. ಮೂರು ಟೈರ್‌ಗಳಲ್ಲಿ 33 ಪಿಎಸ್‌ಐ ಇತ್ತು. ಹಿಂದಿನ ಎಡ ಟೈರ್‌ನಲ್ಲಿ ಬರೀ 17. ಒಳಗೆ ಒಂದು ಮೊಳೆ ಕೂತಿತ್ತು.

ಅಣ್ಣನಿಗೆ ಗೊತ್ತಿಲ್ಲದೇ ಇದ್ದದ್ದು ಒಂದೇ ವಿಷಯ. ಆ ಬಟನ್ ಗಾಳಿಯನ್ನು ಅಳೆಯುವುದಿಲ್ಲ. ‘ಈಗ ಇರುವ ಗಾಳಿಯೇ ಸರಿ, ಇದನ್ನೇ ನೆನಪಿಟ್ಟುಕೋ’ ಎಂದು ಕಾರಿಗೆ ಹೇಳುತ್ತದೆ, ಅಷ್ಟೇ. ಕಾರು ಅದನ್ನು ಹಾಗೇ ನಂಬುತ್ತದೆ.

ನಿಮ್ಮ ಕಾರು ಯಾವ ಬಗೆಯದು ಎಂದು ಮೊದಲು ನೋಡಿಕೊಳ್ಳಿ. ಪರದೆಯಲ್ಲಿ ನಾಲ್ಕೂ ಚಕ್ರಗಳ ಗಾಳಿ ಅಂಕಿಯಲ್ಲಿ ಕಂಡರೆ, ಪ್ರತಿ ಚಕ್ರದೊಳಗೂ ಒಂದು ಸೆನ್ಸರ್ ಕೂತು ನಿಜವಾಗಿ ಅಳೆಯುತ್ತಿದೆ ಎಂದರ್ಥ. ಅಂಕಿ ಇಲ್ಲ, SET ಮಾತ್ರ ಇದೆ ಎಂದರೆ ಅಳತೆ ಇಲ್ಲ, ಊಹೆ ಇದೆ. ಫೋಕ್ಸ್‌ವ್ಯಾಗನ್‌ನ ಅನೇಕ ಕಾರುಗಳು ಈ ಎರಡನೇ ಬಗೆಯವು. ಅಣ್ಣನದೂ ಇದೇ ಬಗೆ. ಹೆಚ್ಚು ತಪ್ಪು ಆಗುವುದೂ ಇಲ್ಲೇ.

ಆ ಊಹೆ ಹೇಗೆ ನಡೆಯುತ್ತದೆ ಅಂದರೆ, ಗಾಳಿ ಕಡಿಮೆಯಾದ ಟೈರ್ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಚಕ್ರ ಅಷ್ಟೇ ದೂರಕ್ಕೆ ಉಳಿದವುಗಳಿಗಿಂತ ಒಂದಿಷ್ಟು ಜಾಸ್ತಿ ತಿರುಗಬೇಕಾಗುತ್ತದೆ. ಬ್ರೇಕಿನ ಎಬಿಎಸ್‌ಗಾಗಿ ಪ್ರತಿ ಚಕ್ರದ ಹತ್ತಿರ ವೇಗ ಅಳೆಯುವ ಸೆನ್ಸರ್ ಹೇಗೂ ಇದೆ. ಕಾರು ಅದನ್ನೇ ಬಳಸಿಕೊಂಡು ಈ ವ್ಯತ್ಯಾಸ ಹಿಡಿಯುತ್ತದೆ. ಎಬಿಎಸ್ ಕೆಟ್ಟಾಗ ಟೈರ್ ದೀಪವೂ ಜೊತೆಗೇ ಹೊತ್ತಿಕೊಳ್ಳುವುದು ಇದಕ್ಕೇ. ಕಾರು ಶುರು ಮಾಡಿದಾಗ ಆ ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಉರಿಯುತ್ತಲೇ ಇದ್ದರೆ, ತೊಂದರೆ ಟೈರ್‌ನಲ್ಲಲ್ಲ, ವ್ಯವಸ್ಥೆಯಲ್ಲೇ ಇದೆ. ಇನ್ನೊಂದು ಮಿತಿಯೂ ಇದೆ. ತಿಂಗಳುಗಟ್ಟಲೆ ನಾಲ್ಕೂ ಟೈರ್ ಒಂದೇ ಸಮನಾಗಿ ಇಳಿದರೆ ಚಕ್ರಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ, ಎಚ್ಚರಿಕೆ ಬಾರದೇ ಹೋಗಬಹುದು. ಹಾಗಾಗಿ ತಿಂಗಳಿಗೊಮ್ಮೆ ಗೇಜ್ ಹಿಡಿಯುವುದನ್ನು ಈ ದೀಪ ತಪ್ಪಿಸುವುದಿಲ್ಲ.

ಅಣ್ಣನ ಲೆಕ್ಕಕ್ಕೆ ಬರೋಣ. ಗಾಳಿ ಸುಮಾರು ಐದನೇ ಒಂದು ಭಾಗ ಇಳಿದಾಗ ಎಚ್ಚರಿಕೆ ಬರುತ್ತದೆ ಎಂದುಕೊಳ್ಳಿ. 33 ಇದ್ದ ಟೈರ್ 26ರ ಹತ್ತಿರ ಬಂದಾಗ ದೀಪ ಹೊತ್ತಿತು. ಅವನು SET ಒತ್ತಿದ. ಈಗ ಕಾರಿನ ಲೆಕ್ಕದಲ್ಲಿ 26 ಅಂದರೇ ಸರಿಯಾದ ಗಾಳಿ. ಮುಂದಿನ ಎಚ್ಚರಿಕೆ ಬರಲು ಅದು 21ಕ್ಕೆ ಇಳಿಯಬೇಕು. ಅಲ್ಲೂ ಒತ್ತಿದರೆ 17. ಇಷ್ಟು ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರಿನ ಪಕ್ಕದ ಗೋಡೆ ಬಗ್ಗಿ ಬಗ್ಗಿ ಕಾಯುತ್ತದೆ, ಒಡೆದೂ ಹೋಗಬಹುದು. ಅಣ್ಣ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಿ ಬಂದಿದ್ದ. ಈಗ ನೆನೆದರೂ ಎದೆ ಝಲ್ ಅನ್ನುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಮೊಳೆ ತೆಗೆಸಿ ಪಂಕ್ಚರ್ ಹಾಕಿಸಬೇಕು. ಆಮೇಲೆ ಟೈರ್ ತಣ್ಣಗಿರುವಾಗ ಗಾಳಿ ನೋಡಬೇಕು. ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ನಿಧಾನವಾಗಿ ಒಂದೆರಡು ಕಿಲೋಮೀಟರ್ ಮಾತ್ರ ಓಡಿರಬೇಕು. ಓಡಿದ ಟೈರ್ ಬಿಸಿಯಾಗಿ ಗಾಳಿ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಬಿಸಿಯಲ್ಲೇ 33ಕ್ಕೆ ಸರಿಮಾಡಿದರೆ, ಬೆಳಗ್ಗೆ ಅದು 29 ಆಗಿರುತ್ತದೆ. ಎಷ್ಟು ಗಾಳಿ ಬೇಕು ಎಂಬುದು ಚಾಲಕನ ಬಾಗಿಲಿನ ಕಂಬದ ಮೇಲೋ ಇಂಧನ ಮುಚ್ಚಳದ ಒಳಗೋ ಅಂಟಿಸಿರುವ ಚೀಟಿಯಲ್ಲಿದೆ. ಅಲ್ಲಿ ಬಾರ್ ಲೆಕ್ಕ ಇದ್ದರೆ, 2.3 ಬಾರ್ ಅಂದರೆ 33 ಪಿಎಸ್‌ಐ. ಪೂರ್ತಿ ಜನ, ಸಾಮಾನು ತುಂಬಿದಾಗ ಬೇಕಾದ ಗಾಳಿ ಬೇರೆ, ಅದೂ ಅದೇ ಚೀಟಿಯಲ್ಲಿರುತ್ತದೆ.

ನಾಲ್ಕೂ ಸರಿಯಾದ ಮೇಲೆ ಮಾತ್ರ ಪರದೆಗೆ ಬನ್ನಿ. ಫೋಕ್ಸ್‌ವ್ಯಾಗನ್‌ನ ಸ್ವಲ್ಪ ಹಳೆಯ ಪರದೆಗಳಲ್ಲಿ ಇಗ್ನಿಷನ್ ಆನ್ ಮಾಡಿ CAR ಬಟನ್, ಆಮೇಲೆ Setup, ಅದರಲ್ಲಿ Tyres, ಕೊನೆಗೆ SET. ಖಚಿತಪಡಿಸಲು ಕೇಳಿದರೆ ಒಪ್ಪಿಗೆ ಕೊಡಿ. ಹೊಸ ಪರದೆಗಳಲ್ಲಿ ಹೆಸರು, ಜಾಗ ಬದಲಾಗಿರಬಹುದು, ಆದರೆ ಟೈರ್ ಎಂಬ ಸಾಲು ವಾಹನದ ಸೆಟ್ಟಿಂಗ್‌ಗಳ ಒಳಗೇ ಸಿಗುತ್ತದೆ. ಒತ್ತಿದ ತಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕಾರು ಬೇರೆ ಬೇರೆ ವೇಗದಲ್ಲಿ ಒಂದಷ್ಟು ದೂರ ಓಡಿ ಹೊಸ ಲೆಕ್ಕ ಕಲಿಯಬೇಕು. ಟೈರ್ ಬದಲಿಸಿದಾಗ, ಹಿಂದಿನ ಚಕ್ರ ಮುಂದಕ್ಕೆ ಹಾಕಿಸಿದಾಗ, ಸ್ಟೆಪ್ನಿ ಹಾಕಿದಾಗ, ಸಾಮಾನಿಗಾಗಿ ಗಾಳಿ ಜಾಸ್ತಿ ಮಾಡಿದಾಗ ಇದನ್ನೇ ಮತ್ತೆ ಮಾಡಿ. ದೀಪ ಆರಿಸಲು ಮಾತ್ರ ಮಾಡಬೇಡಿ.

ಸರ್ವಿಸ್ ನೆನಪಿನ ಮಾತೂ ಇದೇ. ಅದೇ CAR ಪಟ್ಟಿಯ Service ಸಾಲಿನಲ್ಲಿ ಮುಂದಿನ ಎಣ್ಣೆ ಬದಲಾವಣೆಗೆ ಎಷ್ಟು ಕಿಲೋಮೀಟರ್, ಎಷ್ಟು ದಿನ ಉಳಿದಿದೆ ಎಂದು ಕಾಣುತ್ತದೆ. ರೀಸೆಟ್ ಮಾಡಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ, ಎಣ್ಣೆ ಹಳೆಯದೇ ಇದ್ದರೂ ಕೂಡ. ಹಾಗಾಗಿ ಕೆಲಸ ಮುಗಿದ ಮೇಲೆ ಮಾತ್ರ ಅದನ್ನು ಮುಟ್ಟಬೇಕು. ಸರ್ವಿಸ್‌ನಿಂದ ಕಾರು ತೆಗೆದುಕೊಳ್ಳುವಾಗ ಆ ಅಂಕಿ ಬದಲಾಗಿದೆಯಾ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.

ಚಾಲನೆಗೆ ನೆರವಾಗುವ ಸ್ವಿಚ್‌ಗಳ ಸ್ವಭಾವ ಇದಕ್ಕೆ ತದ್ವಿರುದ್ಧ. ಇಲ್ಲಿ ಕಾರು ನಿಮ್ಮ ಮಾತನ್ನು ಜಾಸ್ತಿ ಹೊತ್ತು ಕೇಳುವುದಿಲ್ಲ. ಮುಂದಿರುವ ವಾಹನಕ್ಕೆ ಡಿಕ್ಕಿ ಹೊಡೆಯದಂತೆ ತಾನೇ ಬ್ರೇಕ್ ಹಾಕುವ Front Assist ಅನ್ನು ಇವತ್ತು ಆಫ್ ಮಾಡಿದರೂ, ಮುಂದಿನ ಸಲ ಕಾರು ಶುರು ಮಾಡಿದಾಗ ಸಾಮಾನ್ಯವಾಗಿ ತಾನೇ ಆನ್ ಆಗಿರುತ್ತದೆ. ಇದು ಕಾರು ಕೆಟ್ಟಿರುವ ಲಕ್ಷಣ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ನೋಂದಣಿಯಾಗುವ ಹೊಸ ಕಾರುಗಳಲ್ಲಿ ವೇಗಮಿತಿ ಎಚ್ಚರಿಕೆಯೂ ಪ್ರತಿ ಸಲ ಶುರುವಾದಾಗ ಆನ್ ಆಗಿರಲೇಬೇಕು.

ಹಾಗಾದರೆ ಆಫ್ ಮಾಡುವ ಆಯ್ಕೆ ಯಾಕಿದೆ? ಅದಕ್ಕೆ ನಿಜವಾದ ಸಂದರ್ಭಗಳಿವೆ. ಕಾರನ್ನು ಎಳೆದುಕೊಂಡು ಹೋಗುವಾಗ, ಲಾರಿ ಅಥವಾ ದೋಣಿಗೆ ಹತ್ತಿಸುವಾಗ, ಗ್ಯಾರೇಜಿನ ರೋಲರ್ ಮೇಲೆ ಓಡಿಸುವಾಗ Front Assist ತನ್ನ ರಾಡಾರ್ ಕಂಡದ್ದನ್ನು ತಪ್ಪಾಗಿ ತಿಳಿದು ಬ್ರೇಕ್ ಹಾಕಬಹುದು. ಹಾಗೇ ಮರಳಲ್ಲೋ ಕೆಸರಲ್ಲೋ ಚಕ್ರ ಹೂತಾಗ, ಜಾರುವಿಕೆ ತಡೆಯುವ ASR ಎಂಜಿನ್ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಆಗ CAR ಪಟ್ಟಿಯ ESC ಸಾಲಿನಲ್ಲಿ ASR off ಆರಿಸಿ ಹೊರಬನ್ನಿ, ಗಟ್ಟಿ ನೆಲ ಸಿಕ್ಕ ಕೂಡಲೇ ಮತ್ತೆ ಆನ್ ಮಾಡಿ.

Front Assist ಸ್ವಿಚ್ ಮಂಕಾಗಿ ಕಂಡು ಒತ್ತಿದರೂ ಕೆಲಸ ಮಾಡದಿದ್ದರೆ ಪರದೆಯನ್ನು ಕೆದಕುತ್ತ ಕೂರಬೇಡಿ. ಇಳಿದು ಬಂದು ಒಳಗನ್ನಡಿಯ ಹಿಂದೆ ಗಾಜಿಗೆ ಅಂಟಿರುವ ಕ್ಯಾಮೆರಾದ ಎದುರು, ಮುಂದಿನ ಲಾಂಛನ ಅಥವಾ ಬಂಪರ್‌ನ ರಾಡಾರ್ ಎದುರು ಕೆಸರಿದೆಯಾ ನೋಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮುಂದಿನ ಗಾಜು ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ, ಕ್ಯಾಮೆರಾವನ್ನು ಹೊಸದಾಗಿ ಹೊಂದಿಸಬೇಕಾಗಿರಬಹುದು. ಅದು ಪರದೆಯಲ್ಲಿ ಆಗುವ ಕೆಲಸ ಅಲ್ಲ, ವರ್ಕ್‌ಶಾಪಿನ ಉಪಕರಣದಿಂದಲೇ ಆಗಬೇಕು.