ಮುಂದಿನ ಹಾಡು ಯಾವುದು? ಡ್ಯಾಶ್‌ಬೋರ್ಡ್ ಓದುವ ಬಗೆ

ಹಾಡು ಬಿಟ್ಟ ಮರುದಿನದಿಂದಲೇ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ಆ್ಯಪ್ ತೆರೆದು, ಸಂಖ್ಯೆ ಏರಿತಾ ಇಳಿಯಿತಾ ಎಂದು ನೋಡುವವರೇ ಜಾಸ್ತಿ. ಅದರಿಂದ ತಿಳಿಯುವುದು ಕಡಿಮೆ. ಮೊದಲ ವಾರ ಕೇಳುವವರು ಹೆಚ್ಚಾಗಿ ಗೆಳೆಯರು, ನೆಂಟರು, ವಾಟ್ಸ್‌ಆ್ಯಪ್ ಗುಂಪಿನವರು. ಬಿಡುಗಡೆಯಾದ 29ನೇ ದಿನ ಹಾಡಿನ ಪುಟ ತೆರೆದು, ಅವಧಿಯನ್ನು 28 ದಿನಕ್ಕೆ ಇಟ್ಟು, ನಾಲ್ಕು ಸಂಖ್ಯೆ ಬರೆದುಕೊಳ್ಳಿ: Listeners, Streams, Saves, Playlist adds. ಪ್ರತಿ ಹಾಡಿಗೂ ಹೀಗೇ ಮಾಡಿ. ಆಗ ಮಾತ್ರ ಎರಡು ಹಾಡುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

Listeners ಎಂದರೆ ಎಷ್ಟು ಮಂದಿ ಕೇಳಿದರು ಎಂಬುದು. ಒಬ್ಬರೇ ಹತ್ತು ಸಲ ಕೇಳಿದರೂ ಇಲ್ಲಿ ಒಂದೇ. ಹಾಗಾಗಿ ದಿನದಿನದ ಕೇಳುಗರನ್ನು ಕೂಡಿ ತಿಂಗಳ ಲೆಕ್ಕ ಮಾಡಬೇಡಿ, ಅದು ತಪ್ಪುತ್ತದೆ. Streams ಎಂದರೆ ಎಷ್ಟು ಸಲ ಕೇಳಿದರು ಎಂಬುದು. 30 ಸೆಕೆಂಡಾದರೂ ಹಾಡು ಓಡಿದ್ದರೆ ಮಾತ್ರ ಎಣಿಕೆಗೆ ಬರುತ್ತದೆ. ಉದ್ದದ ಆಲಾಪದಿಂದ ಶುರುವಾಗುವ ಹಾಡುಗಳಿಗೆ ಇದು ಸ್ವಲ್ಪ ಕಷ್ಟವೇ. Saves ಎಂದರೆ ಹಾಡನ್ನು ಕೇಳುಗರು ತಮ್ಮ ಲೈಬ್ರರಿಯಲ್ಲಿ ಉಳಿಸಿಕೊಂಡದ್ದು, Playlist adds ಎಂದರೆ ಪ್ಲೇಲಿಸ್ಟ್‌ಗೆ ಹಾಕಿಕೊಂಡದ್ದು.

ಈಗ ಗಂಗಾವತಿಯ ಒಬ್ಬ ಗಾಯಕನನ್ನು ಊಹಿಸಿಕೊಳ್ಳೋಣ. ಲೆಕ್ಕ ಸುಲಭವಾಗಲಿ ಎಂದು ಸಂಖ್ಯೆಗಳನ್ನು ನಾನೇ ಇಟ್ಟಿದ್ದೇನೆ. ಆತನ ಪ್ರೇಮಗೀತೆಗೆ 28 ದಿನದಲ್ಲಿ 2,000 ಕೇಳುಗರು, 2,400 ಸ್ಟ್ರೀಮ್, 40 ಸೇವ್, 30 ಪ್ಲೇಲಿಸ್ಟ್ ಸೇರ್ಪಡೆ. ತಂಬೂರಿ ಹಿಡಿದು ಹಾಡಿದ ತತ್ವಪದಕ್ಕೆ 400 ಕೇಳುಗರು, 1,400 ಸ್ಟ್ರೀಮ್, 60 ಸೇವ್, 44 ಸೇರ್ಪಡೆ. ಮೇಲ್ನೋಟಕ್ಕೆ ಪ್ರೇಮಗೀತೆಯೇ ಗೆದ್ದಿದೆ, ಅಲ್ವಾ?

ಸೇವ್‌ಗಳನ್ನು ಕೇಳುಗರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಪ್ರೇಮಗೀತೆ ಕೇಳಿದ ನೂರು ಮಂದಿಗೆ 2 ಸೇವ್, ತತ್ವಪದಕ್ಕೆ 15. ಪ್ಲೇಲಿಸ್ಟ್ ಸೇರ್ಪಡೆಯೂ ಹಾಗೇ: ಒಂದಕ್ಕೆ ಒಂದೂವರೆ, ಇನ್ನೊಂದಕ್ಕೆ 11. ಸ್ಟ್ರೀಮ್ ಅನ್ನು ಕೇಳುಗರಿಂದ ಭಾಗಿಸಿದರೆ, ಪ್ರೇಮಗೀತೆಯನ್ನು ಒಬ್ಬರು ಹೆಚ್ಚುಕಡಿಮೆ ಒಂದು ಸಲ ಕೇಳಿ ಬಿಟ್ಟಿದ್ದಾರೆ. ತತ್ವಪದವನ್ನು ಮೂರೂವರೆ ಸಲದಷ್ಟು ಕೇಳಿದ್ದಾರೆ. ಸೇವ್ ಮಾಡಿದವರೇ ಪ್ಲೇಲಿಸ್ಟ್‌ಗೂ ಹಾಕಿಕೊಂಡಿರಬಹುದು, ಆದ್ದರಿಂದ ಆ ಎರಡನ್ನೂ ಕೂಡಬೇಡಿ. ಕೇಳುಗರು ಐವತ್ತರೊಳಗೆ ಇದ್ದರೆ ಈ ಭಾಗಾಕಾರವನ್ನೇ ಬಿಡಿ. ನಾಲ್ಕು ನೆಂಟರು ಸೇವ್ ಒತ್ತಿದರೂ ಲೆಕ್ಕ ತಲೆಕೆಳಗಾಗುತ್ತದೆ.

ಇಷ್ಟಕ್ಕೇ ತೀರ್ಮಾನ ಬೇಡ. ಸ್ಟ್ರೀಮ್ ಎಲ್ಲಿಂದ ಬಂತು ಎಂದು ತೋರಿಸುವ ಭಾಗ ತೆರೆಯಿರಿ. ನಮ್ಮ ಗಾಯಕನ ಪ್ರೇಮಗೀತೆಯ ಬಹುಪಾಲು ಸ್ಟ್ರೀಮ್ ಯಾರೋ ಮಾಡಿದ ಒಂದೇ ಪ್ಲೇಲಿಸ್ಟ್‌ನಿಂದ ಬಂದಿದೆ. ಅದರಿಂದ ಹಾಡು ತೆಗೆದ ದಿನವೇ ಗೆರೆ ನೆಲಕ್ಕೆ ಇಳಿದಿದೆ. ತತ್ವಪದ ಮಾತ್ರ ಕೇಳುಗರ ಸ್ವಂತ ಲೈಬ್ರರಿ ಮತ್ತು ಗಾಯಕನ ಪ್ರೊಫೈಲ್‌ನಿಂದ ಓಡುತ್ತಿದೆ. ಅಂದರೆ ಜನ ಹುಡುಕಿಕೊಂಡು ಬಂದು ಕೇಳುತ್ತಿದ್ದಾರೆ. ಮುಂದಿನ ಹಾಡು ತತ್ವಪದವೇ ಆಗಲಿ ಎನ್ನುವುದು ನನ್ನ ಸಲಹೆ. ದುಡ್ಡಿನ ಕಡೆಯಿಂದಲೂ ಅದಕ್ಕೆ ತೊಂದರೆಯಿಲ್ಲ: 2024ರಿಂದ ಸ್ಪಾಟಿಫೈನಲ್ಲಿ ಹಾಡಿಗೆ ರಾಯಲ್ಟಿ ಬರಬೇಕಾದರೆ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಇರಬೇಕು, ಇದು ಒಂದೇ ತಿಂಗಳಲ್ಲಿ ಅದನ್ನು ದಾಟಿದೆ.

ಒಂದು ಎಚ್ಚರ. 'ಇಷ್ಟು ಕೊಡಿ, ಪ್ಲೇಲಿಸ್ಟ್‌ಗೆ ಹಾಕುತ್ತೇವೆ' ಎನ್ನುವವರಿಗೆ ದುಡ್ಡು ಕೊಟ್ಟ ಮೇಲೆ ಸ್ಟ್ರೀಮ್ ಜಿಗಿದು, ಸೇವ್ ಅಲ್ಲೇ ನಿಂತು, ನಿಮಗೆ ಸಂಬಂಧವೇ ಇಲ್ಲದ ದೂರದ ಒಂದು ನಗರ ಪಟ್ಟಿಯ ಮೇಲೆ ಬಂದರೆ, ಅವು ನಕಲಿ ಸ್ಟ್ರೀಮ್ ಆಗಿರುವ ಸಾಧ್ಯತೆ ಹೆಚ್ಚು. ಹಾಡನ್ನೇ ತೆಗೆದುಹಾಕಬಹುದು. ಆದರೆ ಬೆಂಗಳೂರು, ಹೈದರಾಬಾದ್ ಮೇಲಿದ್ದರೆ ಗಾಬರಿಯಾಗಬೇಡಿ. ಮೊಬೈಲ್ ಡೇಟಾದಲ್ಲಿ ಊರು ಗುರುತಿಸುವುದು ಅಷ್ಟು ಕರಾರುವಾಕ್ಕಲ್ಲ. ಸಿಂಧನೂರಿನಲ್ಲಿ ಕುಳಿತು ಕೇಳಿದ್ದೂ ದೊಡ್ಡ ನಗರದ ಹೆಸರಿನಲ್ಲಿ ಬರಬಹುದು. ನಗರದ ಪಟ್ಟಿ ನೋಡಿ ಕಾರ್ಯಕ್ರಮದ ಊರು ಗೊತ್ತುಮಾಡುವುದು ಅದಕ್ಕೇ ಬೇಡ.

ಇನ್ನು ದಿನಾಂಕ. ಕೊಪ್ಪಳದ ಗವಿಮಠದ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಆ ಹೊತ್ತಿಗೆ ಹಾಡು ಜನರ ಬಾಯಲ್ಲಿ ಇರಬೇಕಾದರೆ ಜಾತ್ರೆಗೆ ಎರಡು ವಾರ ಮೊದಲಿನ ಶುಕ್ರವಾರ ಬಿಡಿ. ಫಾಲೋ ಮಾಡುವವರಿಗೆ ಹೊಸ ಹಾಡು ತೋರಿಸುವ ರಿಲೀಸ್ ರೇಡಾರ್ ಪಟ್ಟಿ ಶುಕ್ರವಾರವೇ ಬದಲಾಗುತ್ತದೆ. ಅದರಲ್ಲಿ ಈ ಹಾಡೇ ಬರಬೇಕೆಂದರೆ, ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಿಂದ ಪಿಚ್, ಅಂದರೆ ಹಾಡನ್ನು ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಪರಿಚಯಿಸುವ ಟಿಪ್ಪಣಿ, ಕಳಿಸಬೇಕು. ಬಿಡುಗಡೆಯಾದ ಹಾಡಿಗೆ ಪಿಚ್ ಇಲ್ಲ. ಡಿಸ್ಟ್ರಿಬ್ಯೂಟರ್‌ನಿಂದ ಹಾಡು ತಲುಪುವುದಕ್ಕೂ ದಿನಗಳು ಬೇಕಾದ್ದರಿಂದ, ಫೈಲ್ ಮತ್ತು ಮುಖಚಿತ್ರವನ್ನು ಬಿಡುಗಡೆಗೆ ನಾಲ್ಕು ವಾರ ಮೊದಲೇ ಕೊಡುವುದು ಒಳ್ಳೆಯದು. ಪಿಚ್‌ನಲ್ಲಿ ಸುಮ್ನೆ 'ಅದ್ಭುತ ಹಾಡು' ಎನ್ನಬೇಡಿ. ಕನ್ನಡ ತತ್ವಪದ, ತಂಬೂರಿ, ಯಾವ ಊರಿನ ಹಾಡಿಕೆ, ಹಿಂದಿನ ಹಾಡಿಗೆ ನೂರಕ್ಕೆ ಎಷ್ಟು ಸೇವ್ ಬಂತು, ಇಷ್ಟನ್ನು ಬರೆಯಿರಿ. ಹೊಸ ಹಾಡಿನ 29ನೇ ದಿನಕ್ಕೆ ಫೋನಿನಲ್ಲಿ ಈಗಲೇ ಅಲಾರಂ ಇಡಿ.