ತಿಂಗಳ ಕೊನೆಯ ವರದಿ ತಾನಾಗಿ ತಯಾರಾಗಬೇಕೇ? ಬಾಕಿ ಪಟ್ಟಿಯಿಂದ ಶುರು ಮಾಡಿ

ಚಿಕ್ಕ ಅಕೌಂಟಿಂಗ್ ಸಂಸ್ಥೆಗಳಲ್ಲಿ ತಿಂಗಳ ಮೊದಲ ದಿನಗಳೆಲ್ಲ ಹಿಂದಿನ ತಿಂಗಳ ವರದಿಗಳಿಗೇ ಹೋಗುತ್ತವೆ. ಎಲ್ಲ ವರದಿಗಳನ್ನೂ ಒಟ್ಟಿಗೆ ಬದಲಾಯಿಸಲು ಕೈಹಾಕಬೇಡಿ. ಮೊದಲು ಒಂದನ್ನು ಆರಿಸಿಕೊಳ್ಳಿ. ಗ್ರಾಹಕರಿಂದ ಬರಬೇಕಾದ ಬಾಕಿಯ ಪಟ್ಟಿ ಒಳ್ಳೆಯ ಆಯ್ಕೆ. ಪ್ರತಿ ತಿಂಗಳೂ ಅದರ ರೂಪ ಒಂದೇ. ಅದರ ಒಟ್ಟು ಮೊತ್ತ ಲೆಡ್ಜರ್‌ನ ಒಂದೇ ಒಂದು ಅಂಕಿಗೆ ತಾಳೆಯಾಗಬೇಕು. ಹಾಗಾಗಿ ತಪ್ಪಾದರೆ ತಕ್ಷಣ ಗೊತ್ತಾಗುತ್ತದೆ.

ಮೊದಲ ಹಂತ: ಈಗ ಹೇಗೆ ಆಗುತ್ತಿದೆ, ಬರೆದಿಡಿ

ಈ ಪಟ್ಟಿ ಮಾಡುವವರ ಪಕ್ಕದಲ್ಲಿ ಒಂದು ತಿಂಗಳ ಕೊನೆಯಲ್ಲಿ ಕೂತು ನೋಡಿ. ಅವರು ಕೈಯಾರೆ ತಿದ್ದುವ ಪ್ರತಿಯೊಂದನ್ನೂ ಬರೆದುಕೊಳ್ಳಿ. ಒಬ್ಬನೇ ಗ್ರಾಹಕನ ಹೆಸರು ಎರಡು ರೀತಿ ಬಂದಿದ್ದರೆ ಅವರು ಸೇರಿಸುತ್ತಾರೆ. ಮುಂಗಡವಾಗಿ ಬಂದ ಹಣವನ್ನು ಬೇರೆ ಸಾಲಿಗೆ ಹಾಕುತ್ತಾರೆ. ಬಾಕಿಯ ದಿನಗಳನ್ನು ಬಿಲ್ ತಾರೀಕಿನಿಂದ ಎಣಿಸುತ್ತಾರೋ, ಪಾವತಿಯ ಗಡುವಿನಿಂದಲೋ? ಇಂಥ ನಿಯಮಗಳು ಎಲ್ಲೂ ಬರೆದಿರುವುದಿಲ್ಲ, ಅವರ ತಲೆಯಲ್ಲಿರುತ್ತವೆ. ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಜಾಸ್ತಿಯಾಗುವುದಿಲ್ಲ.

ಎರಡನೇ ಹಂತ: ಹೆಸರುಗಳನ್ನು ಸರಿಪಡಿಸಿ

ಪ್ರತಿ ಗ್ರಾಹಕನಿಗೂ ಒಂದು ಕೋಡ್ ಕೊಡಿ. ಕೋಡ್, ಹೆಸರು, ಗುಂಪು ಇರುವ ಒಂದು ಪಟ್ಟಿಯನ್ನು ಬೇರೆ ಶೀಟ್‌ನಲ್ಲಿ ಇಡಿ. ಅದನ್ನು ತಿದ್ದುವ ಜವಾಬ್ದಾರಿ ಒಬ್ಬರಿಗೇ ಇರಲಿ.

ಮೂರನೇ ಹಂತ: ವರದಿಯನ್ನು ಕಟ್ಟಿ

ಹೊಸ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಫೈಲ್‌ಗಳನ್ನು ಓದಿ ಜೋಡಿಸಲು ಎಕ್ಸೆಲ್‌ನಲ್ಲೇ ಇರುವ ಪವರ್ ಕ್ವೆರಿ ಎಂಬ ಸಾಧನವನ್ನು ಬಳಸಿ ನೋಡಿ. ಅಕೌಂಟಿಂಗ್ ಸಾಫ್ಟ್‌ವೇರ್‌ನಿಂದ ಬಾಕಿ ಬಿಲ್‌ಗಳ ಫೈಲ್ ತೆಗೆದು ಒಂದು ಫೋಲ್ಡರ್‌ನಲ್ಲಿ ಹಾಕಿ. ಪವರ್ ಕ್ವೆರಿಯ From Folder ಅದನ್ನು ಓದಿಕೊಳ್ಳುತ್ತದೆ. ಅದನ್ನು ಗ್ರಾಹಕರ ಪಟ್ಟಿಯ ಜೊತೆ ಜೋಡಿಸಿ. ಆಮೇಲೆ ಬಾಕಿಯ ದಿನಗಳಿಗೆ ಒಂದು ಕಾಲಂ ಸೇರಿಸಿ:

```
Duration.Days(MonthEnd - [DueDate])
```

ಇಲ್ಲಿ MonthEnd ಅಂದರೆ ತಿಂಗಳ ಕೊನೆಯ ತಾರೀಕು. ಪವರ್ ಕ್ವೆರಿಯಲ್ಲಿ ಇದೇ ಹೆಸರಿನ, Date ಬಗೆಯ ಒಂದು Parameter ಮಾಡಿ, ತಾರೀಕನ್ನು ಅದರಲ್ಲಿ ನೀವೇ ಟೈಪ್ ಮಾಡಿಡಿ. ಇವತ್ತಿನ ತಾರೀಕನ್ನು ತಾನಾಗಿ ತೆಗೆದುಕೊಳ್ಳುವ ಸೂತ್ರ ಹಾಕಿದರೆ, ವರದಿ ತೆರೆದಾಗಲೆಲ್ಲ ದಿನಗಳು ಬದಲಾಗುತ್ತವೆ. ಬಾಕಿ ಬಿಲ್‌ಗಳನ್ನೂ ಅದೇ ತಾರೀಕಿಗೆ ಇದ್ದಂತೆ ತೆಗೆಯಬೇಕು. ಇಲ್ಲದಿದ್ದರೆ ಹೊಸ ತಿಂಗಳ 3ರಂದು ಹಣ ಕೊಟ್ಟವರ ಬಿಲ್ ಪಟ್ಟಿಯಿಂದಲೇ ಮಾಯವಾಗಿರುತ್ತದೆ.

ನಾಲ್ಕನೇ ಹಂತ: ಎರಡನ್ನೂ ಜೊತೆಯಲ್ಲಿ ನಡೆಸಿ

ಕನಿಷ್ಠ ಎರಡು ತಿಂಗಳು ಹಳೆಯ ರೀತಿಯಲ್ಲೂ ಹೊಸ ರೀತಿಯಲ್ಲೂ ವರದಿ ಮಾಡಿ. ಕೆಲಸ ದುಪ್ಪಟ್ಟಾಗುತ್ತದೆ, ನಿಜ. ಆದರೆ ಅಸಲಿ ದೋಷಗಳು ಹೊರಬರುವುದು ಇಲ್ಲೇ.

ಒಂದು ಉದಾಹರಣೆ ನೋಡೋಣ. ಲೆಡ್ಜರ್‌ನಲ್ಲಿ ಒಟ್ಟು ಬಾಕಿ 8,40,000. ಹೊಸ ವರದಿಯಲ್ಲಿ 8,15,000. ವ್ಯತ್ಯಾಸ 25,000. ಗ್ರಾಹಕರ ಸಾಲುಗಳನ್ನು ಒಂದೊಂದಾಗಿ ಹೋಲಿಸಿದರೆ, ಆ ತಿಂಗಳು ಹೊಸದಾಗಿ ಸೇರಿದ ಒಬ್ಬ ಗ್ರಾಹಕನೇ ವರದಿಯಲ್ಲಿಲ್ಲ. ಅವನ ಕೋಡ್ ಪಟ್ಟಿಗೆ ಸೇರಿರಲಿಲ್ಲ, ಜೋಡಿಸುವಾಗ Inner ಆರಿಸಲಾಗಿತ್ತು. Inner ಅಂದರೆ ಎರಡೂ ಕಡೆ ಇರುವವರು ಮಾತ್ರ ಉಳಿಯುತ್ತಾರೆ, ಮಿಕ್ಕವರು ಸದ್ದಿಲ್ಲದೆ ಬಿದ್ದುಹೋಗುತ್ತಾರೆ. ಬಿಲ್‌ಗಳ ಪಟ್ಟಿಯನ್ನು ಮೊದಲಿಟ್ಟು Left Outer ಆರಿಸಿದರೆ ಆ ಬಿಲ್ ಉಳಿಯುತ್ತದೆ, ಗುಂಪಿನ ಜಾಗ ಮಾತ್ರ ಖಾಲಿ ಕಾಣುತ್ತದೆ. ಖಾಲಿ ಕಂಡರೆ ಯಾರಾದರೂ ಕೇಳುತ್ತಾರೆ, ಅಲ್ವಾ?

ಒಟ್ಟು ಮೊತ್ತ ಸರಿಹೋದರೂ ನಿಲ್ಲಬೇಡಿ. ಗಡುವು ಇನ್ನೂ ಬಾರದವು, 0–30, 31–60, 61–90, 90ಕ್ಕಿಂತ ಹೆಚ್ಚು ದಿನ ಎಂಬ ಕಾಲಂಗಳನ್ನೂ ಒಂದೊಂದಾಗಿ ಹೋಲಿಸಿ. ಇಲ್ಲಿ ಕಾಡುವುದು ತಾರೀಕು. 04/05 ಅನ್ನು ಮೇ 4 ಎಂದು ಓದಬೇಕಾದ ಕಡೆ ಕಂಪ್ಯೂಟರ್ ಏಪ್ರಿಲ್ 5 ಎಂದು ಓದಬಹುದು. 13ರಿಂದ ಮುಂದಿನ ತಾರೀಕುಗಳು ತಿಂಗಳ ಸಂಖ್ಯೆಯಾಗಲಾರವು, ಅಲ್ಲಿ Error ಬರುತ್ತದೆ. 1ರಿಂದ 12ರವರೆಗಿನವು ಮಾತ್ರ ಸುಮ್ನೆ ಅದಲುಬದಲಾಗುತ್ತವೆ. ಹೀಗಾಗಿ ಕೆಲವು ಸಾಲುಗಳಲ್ಲಿ Error ಕಂಡರೆ ಆ ಸಾಲುಗಳನ್ನಷ್ಟೇ ತಿದ್ದಬೇಡಿ, ಇಡೀ ಕಾಲಂ ಅನ್ನು ಅನುಮಾನಿಸಿ. Change Type ಒಳಗಿನ Using Locale ಆಯ್ಕೆಯಲ್ಲಿ ತಾರೀಕಿನ ಕ್ರಮವನ್ನು ಸ್ಪಷ್ಟವಾಗಿ ಹೇಳಬಹುದು.

ಐದನೇ ಹಂತ: ಹಳೆಯದನ್ನು ನಿಲ್ಲಿಸಿ

ಎರಡು ತಿಂಗಳು ಸತತವಾಗಿ ಒಟ್ಟು ಮೊತ್ತ ಮತ್ತು ಎಲ್ಲ ಕಾಲಂಗಳು ತಾಳೆಯಾದರೆ, ಅಥವಾ ಪ್ರತಿ ವ್ಯತ್ಯಾಸಕ್ಕೂ ಕಾರಣ ಗೊತ್ತಿದ್ದರೆ, ಕೈಯಿಂದ ಮಾಡುವ ವರದಿಯನ್ನು ನಿಲ್ಲಿಸಿ. ವರದಿಯ ಮೇಲ್ಭಾಗದಲ್ಲಿ ಮೂರು ಅಂಕಿ ಖಾಯಂ ಇರಲಿ: ಲೆಡ್ಜರ್ ಮೊತ್ತ, ವರದಿಯ ಮೊತ್ತ, ವ್ಯತ್ಯಾಸ. ವ್ಯತ್ಯಾಸ ಸೊನ್ನೆಯಾಗದೆ ವರದಿ ಕಚೇರಿಯಿಂದ ಹೊರಗೆ ಹೋಗಬಾರದು.

ಯಾವ ಬಾಕಿ ವಸೂಲಾಗುವುದು ಕಷ್ಟ ಎಂಬ ಟಿಪ್ಪಣಿಯನ್ನು ಮಾತ್ರ ಮನುಷ್ಯರೇ ಬರೆಯಲಿ. 95 ದಿನದ ಬಾಕಿ ನಾಳೆ ಬರಬಹುದು, 20 ದಿನದ್ದು ಮುಳುಗಿರಬಹುದು. ಆ ಗ್ರಾಹಕನ ಜೊತೆ ಫೋನಿನಲ್ಲಿ ಮಾತನಾಡಿದವರಿಗೆ ಅದು ಗೊತ್ತಿರುತ್ತದೆ. ಟಿಪ್ಪಣಿಗಳನ್ನು ಬಿಲ್ ಸಂಖ್ಯೆಯೊಂದಿಗೆ ಬೇರೆ ಶೀಟ್‌ನಲ್ಲಿ ಬರೆಯಿರಿ. ವರದಿಯ ಪಕ್ಕದಲ್ಲೇ ಬರೆದರೆ, ಮುಂದಿನ Refresh ಆದಾಗ ಸಾಲುಗಳು ಸರಿದು, ಒಬ್ಬರ ಟಿಪ್ಪಣಿ ಇನ್ನೊಬ್ಬರ ಬಿಲ್‌ನ ಎದುರು ನಿಲ್ಲಬಹುದು.